ತೊಗರಿ ಬೆಳೆಗಾರರ ಸಮಾವೇಶ, ಕಲಬುರಗಿ: ಜ್ಯೋತಿ ಬೆಳಗುವಾಗಿನ ನಿರೂಪಣೆ

ಎಲ್ಲರಿಗೂ ಶರಣು ಶರಣಾರ್ಥಿ. ಈಗ ಜ್ಯೋತಿ ಬೆಳಗುವ ಸಮಯ. ನಮ್ಮೂರಿಗೆ ಮೊದಲ ಸಲ ಬಂದಿರುವ ಕೃಷಿ ವಿಜ್ಞಾನಿಗಳಿಗಾಗಿ ಒಂದೊಂದೇ ಹೇಳುತ್ತಾ ಹೋಗುತ್ತೇನೆ.

ವೇದಿಕೆಯ ಫ್ಯಾನ್ ದಯವಿಟ್ಟು ನಿಲ್ಲಿಸಿ. ಅತಿಥಿಗಳು ಪಾದರಕ್ಷೆ ಬಿಟ್ಟು ಮುಂದೆ ಬರಬೇಕು. ದೀಪ ನಮಗೆ ಪೂಜ್ಯ. ಕಂಬಕ್ಕೆ ಅರಿಸಿನ, ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದ್ದೇವೆ. ಐದೂ ಹತ್ತಿ ಬತ್ತಿಗಳು ಎಣ್ಣೆಯಲ್ಲಿ ಚೆನ್ನಾಗಿ ನೆನೆದಿವೆ. ಬೇಗ ಹತ್ತಲೆಂದು ತುದಿಗೆ ಕರ್ಪೂರದ ಪುಡಿ ಇಟ್ಟಿದೆ.

ಕಡ್ಡಿ ಗೀರಿ ನೇರವಾಗಿ ಹಚ್ಚುವುದು ಬೇಡ. ನಮ್ಮ ವಿದ್ಯಾರ್ಥಿನಿ ಹೊತ್ತಿಸಿದ ಮೇಣದಬತ್ತಿ ಕೊಡುತ್ತಾಳೆ, ಬಲಗೈಯಲ್ಲಿ ಹಿಡಿಯಿರಿ. ಮೊದಲ ಬತ್ತಿ ವೇದಿಕೆಯ ಅತ್ಯಂತ ಹಿರಿಯ ರೈತ ಮಹಿಳೆಯಿಂದ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದರ ಹಿಂದೆ ಇಂಥ ತಾಯಂದಿರ ಬೆವರಿದೆ, ಈ ಗೌರವ ಅವರಿಗೇ ಸಲ್ಲಬೇಕು.

ಅಮ್ಮಾ, ಅವಸರ ಬೇಡ, ಸೆರಗು ಸ್ವಲ್ಪ ಹಿಂದಕ್ಕೆ... ಹತ್ತಿತು! ಜೋರಾದ ಚಪ್ಪಾಳೆ.

ಮೇಣದಬತ್ತಿ ಈಗ ಮುಂದಿನವರ ಕೈಗೆ. ಸರ್, ತಾವು ಬಲಗಡೆಯ ಬತ್ತಿ. ಮೇಡಂ, ಅದರ ಪಕ್ಕದ್ದು. ಉಳಿದ ಎರಡು ನಮ್ಮ ಯುವ ರೈತರಿಂದ.

ಕೊನೆಯವರು ಮೇಣದಬತ್ತಿಯನ್ನು ಊದಿ ಆರಿಸಬೇಡಿ, ಶುಭಕಾರ್ಯದಲ್ಲಿ ದೀಪಕ್ಕೆ ಊದುವುದಿಲ್ಲ, ವಿದ್ಯಾರ್ಥಿನಿಗೆ ಕೊಡಿ. ತಟ್ಟೆಯಲ್ಲಿರುವ ಹೂವನ್ನು ದೀಪದ ಬುಡಕ್ಕೆ ಅರ್ಪಿಸಿ, ಆಸೀನರಾಗಬೇಕೆಂದು ವಿನಂತಿ.