ವಂದನಾರ್ಪಣೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನ, ಮುಧೋಳ ತಾಲ್ಲೂಕು

ಸಾನ್ನಿಧ್ಯ ವಹಿಸಿದ ಪೂಜ್ಯರಿಗೆ ಶರಣು ಶರಣಾರ್ಥಿ. ವೇದಿಕೆಯ ಗಣ್ಯರಿಗೆ, ಗುರುಬಳಗಕ್ಕೆ, ಊರ ಹಿರಿಯರಿಗೆ, ತಾಯಂದಿರಿಗೆ, ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ಕಾಯುತ್ತಿರುವ ಮಕ್ಕಳಿಗೆ ನಮಸ್ಕಾರ.

ಒಂದನೇ ತರಗತಿಯವರಿಗೆ ನಾಲ್ಕು ಗಂಟೆಗೇ ಬಣ್ಣ ಹಚ್ಚಿದೆ. ಈಗ ಆರೂವರೆ ಆಯಿತು. ಬೆವರಿಗೆ ಮೀಸೆ ಇಳಿಯುವ ಮೊದಲು ವಂದನಾರ್ಪಣೆ ಮುಗಿಯಬೇಕು. ಹಾಗಾಗಿ ದೊಡ್ಡ ದೊಡ್ಡ ವಿಶೇಷಣಗಳನ್ನು ಬದಿಗಿಟ್ಟು, ಯಾರು ಏನು ಮಾಡಿದರು ಎಂಬುದನ್ನಷ್ಟೇ ಹೇಳಿ ಕೈಮುಗಿಯುತ್ತೇನೆ.

ಮೊದಲು ನಮ್ಮ ಅತಿಥಿಗಳು. ನಮ್ಮೂರ ಮಠದ ಪೂಜ್ಯರು ಐದಕ್ಕೆ ಐದು ನಿಮಿಷ ಇರುವಾಗಲೇ ಶಾಲೆಯ ಅಂಗಳಕ್ಕೆ ಬಂದರು. ಅವರು ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಉಳಿದವರೂ ಬರಲೇಬೇಕಾಯಿತು, ಸಭೆ ಹೇಳಿದ ವೇಳೆಗೆ ಶುರುವಾಯಿತು. ಆಶೀರ್ವಚನವನ್ನೂ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ, ಎಂಟೇ ನಿಮಿಷದಲ್ಲಿ ಮುಗಿಸಿದರು. ಬುದ್ಧಿಯವರಿಗೆ ಶಾಲೆಯ ಪರವಾಗಿ ಭಕ್ತಿಯ ಪ್ರಣಾಮಗಳು.

ಅಧ್ಯಕ್ಷತೆ ವಹಿಸಿದವರು ಗ್ರಾಮ ಪಂಚಾಯಿತಿಯ ಅಧ್ಯಕ್ಷರು. ಭಾಷಣದಲ್ಲಿ ಅವರು ತಮ್ಮ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ, ಆದ್ದರಿಂದ ನಾವು ಹೇಳಬೇಕು. ಹೆಣ್ಣುಮಕ್ಕಳ ಶೌಚಾಲಯದ ಕೊನೆಯ ಎರಡು ನಳಗಳಿಗೆ ನೀರೇ ಏರುತ್ತಿರಲಿಲ್ಲ. ಟ್ಯಾಂಕು ಮೋಟರಿನ ಪಕ್ಕದ ಗಿಡ್ಡ ಕಟ್ಟೆಯ ಮೇಲಿತ್ತು, ನೀರಿಗೆ ಒತ್ತಡ ಇರಲಿಲ್ಲ. ಮೋಟರು ಬದಲಿಸೋಣ ಎಂದವರು ಬಹಳ ಮಂದಿ. ಇವರು ಮೋಟರನ್ನು ಮುಟ್ಟದೆ, ಸಾವಿರ ಲೀಟರಿನ ಆ ಟ್ಯಾಂಕನ್ನೇ ಹತ್ತು ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಅರ್ಧ ಇಂಚಿನ ಪೈಪು ತೆಗೆಸಿ ಒಂದು ಇಂಚಿನದು ಹಾಕಿಸಿದರು. ಈಗ ಕೊನೆಯ ನಳದಲ್ಲೂ ನೀರು ಬರುತ್ತದೆ. ಆರನೇ, ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋಗಿ ಬರುವುದು ನಿಂತಿದೆ. ಅಧ್ಯಕ್ಷರಿಗೆ ಆ ಮಕ್ಕಳ ಪರವಾಗಿ ಕೃತಜ್ಞತೆ.

ಸಮ್ಮೇಳನವನ್ನು ಉದ್ಘಾಟಿಸಿದ ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ವೇದಿಕೆಗೆ ಬರುವ ಮೊದಲು ನಲಿಕಲಿ ಕೋಣೆಗೆ ಹೋದರು. ನೆಲದ ಮೇಲೆ ಕುಳಿತು, ಮೂರನೇ ತರಗತಿಯ ನಾಲ್ಕು ಮಕ್ಕಳಿಂದ ಓದಿಸಿದರು. ಒತ್ತಕ್ಷರ ಬಂದಲ್ಲಿ ಮಕ್ಕಳು ತಡವರಿಸುವುದನ್ನು ಗುರುತಿಸಿ, ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿರಿ ಎಂದು ಹೇಳಿದ್ದಾರೆ. ಸಾಹೇಬರೇ, ನಿಮ್ಮ ಮಾತು ಸೋಮವಾರದ ವೇಳಾಪಟ್ಟಿಯಲ್ಲಿ ಇರುತ್ತದೆ. ಧನ್ಯವಾದಗಳು. ಅವರೊಂದಿಗೆ ಬಂದ ಕ್ಷೇತ್ರ ಸಮನ್ವಯಾಧಿಕಾರಿಗಳಿಗೂ ನಮ್ಮ ಕ್ಲಸ್ಟರಿನ ಸಿಆರ್‌ಪಿ ಅವರಿಗೂ ವಂದನೆಗಳು.

ಮುಖ್ಯ ಅತಿಥಿಗಳು ಇದೇ ಶಾಲೆಯಲ್ಲಿ ಕಲಿತವರು, ಇಂದು ಮುಧೋಳದಲ್ಲಿ ವ್ಯಾಪಾರಸ್ಥರು. ನಲವತ್ತು ಡೆಸ್ಕು ಕೊಟ್ಟಿದ್ದಾರೆ. ಕೊಡುವ ಮೊದಲು ಅಳತೆ ಕೇಳಿದರು ಎಂಬುದನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ದಾನಕ್ಕೆ ಬರುವ ಡೆಸ್ಕುಗಳು ಸಾಮಾನ್ಯವಾಗಿ ಎಲ್ಲವೂ ಒಂದೇ ಎತ್ತರ. ಸಣ್ಣ ಮಕ್ಕಳ ಕಾಲು ನೆಲಕ್ಕೆ ತಾಗುವುದಿಲ್ಲ, ಅರ್ಧ ತಾಸಿಗೆ ಕಾಲು ಜೋಮು ಹಿಡಿದು ಎದ್ದು ಓಡುತ್ತಾರೆ, ಗುರುಗಳು ಗದರುತ್ತಾರೆ. ಇವರು ಬಡಗಿಯನ್ನು ಶಾಲೆಗೇ ಕಳಿಸಿ, ಹದಿನೈದು ಡೆಸ್ಕುಗಳ ಕೂರುವ ಹಲಗೆಯನ್ನು ಹನ್ನೆರಡು ಇಂಚಿಗೆ, ಉಳಿದ ಇಪ್ಪತ್ತೈದನ್ನು ಹದಿನಾರು ಇಂಚಿಗೆ ಮಾಡಿಸಿದರು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿಸಿದ್ದಾರೆ. ಯಾವ ಡೆಸ್ಕಿನ ಮೇಲೂ ತಮ್ಮ ಹೆಸರು ಬರೆಸಬೇಡಿ ಎಂದಿದ್ದಾರೆ, ಅದಕ್ಕೇ ನಾನೂ ಹೆಸರು ಹೇಳುತ್ತಿಲ್ಲ. ಅಣ್ಣಾವರೇ, ನಿಮ್ಮ ಶಾಲೆ ನಿಮ್ಮನ್ನು ನೆನೆಯುತ್ತದೆ.

ಅತಿಥಿಗಳಿಗೆ ಹಾರ, ಶಾಲಿನ ಬದಲು ಗುಳೇದಗುಡ್ಡದ ಖಣ ಮತ್ತು ಒಂದೊಂದು ಪುಸ್ತಕ ಕೊಟ್ಟಿದ್ದೇವೆ. ಹಾರ ಬೇಡವೆಂದು ಎಲ್ಲರೂ ಮೊದಲೇ ಒಪ್ಪಿದ್ದರಿಂದ ಉಳಿದ ಹಣ ಬಹುಮಾನದ ಪುಸ್ತಕಗಳಿಗೆ ಸೇರಿದೆ. ಅದಕ್ಕೂ ಅವರಿಗೆ ಧನ್ಯವಾದ.

ಇನ್ನು ನಮ್ಮ ಶಾಲೆಯ ಬಳಗ. ಸುತ್ತಲಿನ ಊರುಗಳಲ್ಲಿ ಸಮ್ಮೇಳನ ಅಂದರೆ ರಾತ್ರಿ ಒಂಬತ್ತಕ್ಕೆ ಶುರು, ಒಂದಕ್ಕೆ ಮುಕ್ತಾಯ. ಸಣ್ಣ ಮಕ್ಕಳು ತಮ್ಮ ಸರದಿ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ, ಎಬ್ಬಿಸಿ ವೇದಿಕೆಗೆ ತಂದರೆ ಅಳುತ್ತಾರೆ. ನಮ್ಮ ಮುಖ್ಯ ಗುರುಮಾತೆಯವರು ಎರಡು ನಿಯಮ ಹಾಕಿದರು: ಸಂಜೆ ಐದಕ್ಕೆ ಆರಂಭ, ಸಣ್ಣ ತರಗತಿಯಿಂದ ದೊಡ್ಡ ತರಗತಿಯ ಕಡೆಗೆ ಕಾರ್ಯಕ್ರಮ. ಹದಿನಾಲ್ಕು ಕಾರ್ಯಕ್ರಮಗಳು, ಒಂದೊಂದಕ್ಕೆ ಐದು ನಿಮಿಷದ ಮಿತಿ. ಶಾಲೆಯಲ್ಲಿ 186 ಮಕ್ಕಳಿದ್ದಾರೆ, ಇವತ್ತು 186 ಮಕ್ಕಳೂ ವೇದಿಕೆ ಹತ್ತುತ್ತಾರೆ. ಚೆನ್ನಾಗಿ ಕುಣಿಯುವವರನ್ನಷ್ಟೇ ಆರಿಸುವುದು ಸುಲಭವಿತ್ತು, ಆ ಸುಲಭ ಅವರಿಗೆ ಬೇಡವಾಗಿತ್ತು. ಅಕ್ಕಾವರಿಗೆ ಮನಃಪೂರ್ವಕ ವಂದನೆಗಳು.

ದೈಹಿಕ ಶಿಕ್ಷಕರು ಕರಡಿ ಮಜಲಿನ ತಂಡ ಕಟ್ಟಿದ್ದಾರೆ. ವಾದ್ಯ ಊರ ಹಿರಿಯ ಕಲಾವಿದರದು, ಬಾರಿಸುವ ಕೈಗಳು ಏಳನೇ ತರಗತಿಯವು. ಕನ್ನಡದ ಗುರುಗಳು ನಾಟಕಕ್ಕೆ, ವಿಜ್ಞಾನದ ಗುರುಮಾತೆಯವರು ಹೊರಗಿನ ವಸ್ತು ಪ್ರದರ್ಶನಕ್ಕೆ ನಿಂತರು. ಅತಿಥಿ ಶಿಕ್ಷಕಿಯರಿಬ್ಬರು ವೇಷಭೂಷಣ ನೋಡಿಕೊಂಡರು. ಬಾಡಿಗೆಗೆ ತಂದದ್ದು ಇಪ್ಪತ್ತೆರಡು ವೇಷ ಮಾತ್ರ. ಉಳಿದವೆಲ್ಲ ಅವ್ವಂದಿರ ಹಳೆಯ ಸೀರೆಗಳಿಂದ ಇದೇ ಶಾಲೆಯ ವರಾಂಡದಲ್ಲಿ ಹೊಲಿದವು. ಗಣಿತದ ಗುರುಗಳು ಲೆಕ್ಕ ಬರೆದಿದ್ದಾರೆ. ಬಂದ ಪಟ್ಟಿ, ಆದ ಖರ್ಚು, ರಸೀದಿಗಳ ಸಮೇತ ಸೋಮವಾರ ಸೂಚನಾ ಫಲಕದಲ್ಲಿ ಇರುತ್ತದೆ. ಎಲ್ಲರೂ ನೋಡಿ, ಕೇಳುವುದಿದ್ದರೆ ಕೇಳಿ. ಇಡೀ ಗುರುಬಳಗಕ್ಕೆ ಧನ್ಯವಾದಗಳು.

ಗುರುಬಳಗ ಅಂದಾಗ ಬಿಸಿಯೂಟದ ಅಡುಗೆಯ ತಾಯಂದಿರು ಆ ಪಟ್ಟಿಯ ಕೊನೆಗೆ ಬೀಳುವುದು ರೂಢಿ. ಇಂದಿನ ಊಟ ಎಂಟುನೂರು ಮಂದಿಗೆ. ನಲವತ್ತು ಕಿಲೋ ಗೋದಿಯ ಹುಗ್ಗಿ ಆಗಿದೆ. ಹುಗ್ಗಿ ಕೆಡುವುದು ಒಂದೇ ಕಾರಣಕ್ಕೆ: ಗೋದಿ ಪೂರ್ತಿ ಬೇಯುವ ಮೊದಲೇ ಬೆಲ್ಲ ಹಾಕುವ ಅವಸರ. ಬೆಲ್ಲ ಬಿದ್ದ ಮೇಲೆ ಗೋದಿ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ನಮ್ಮ ತಾಯಂದಿರು ರಾತ್ರಿಯೇ ಗೋದಿ ನೆನೆಸಿ, ಬೆಳಿಗ್ಗೆ ಕುಟ್ಟಿ ಹೊಟ್ಟು ತೆಗೆದು, ಕಾಳು ಬೆರಳಲ್ಲಿ ಹಿಚುಕಿದರೆ ಹಿಟ್ಟಾಗುವ ತನಕ ಒಲೆಯ ಮುಂದೆ ಕಾದು, ಆಮೇಲೆ ಬೆಲ್ಲ ಹಾಕಿದ್ದಾರೆ. ಬೆಲ್ಲವೂ ನಮ್ಮೂರ ಗಾಣದ್ದೇ. ತಾಯಂದಿರೇ, ಒಂದು ನಿಮಿಷ ಅಡುಗೆ ಕೋಣೆಯ ಬಾಗಿಲಿಗೆ ಬನ್ನಿ. ಸಭಿಕರೇ, ಜೋರಾಗಿ ಚಪ್ಪಾಳೆ ಬರಲಿ.

ಈಗ ಪಾಲಕರು. ಎಸ್‌ಡಿಎಂಸಿ ಅಧ್ಯಕ್ಷರೇ, ಸದಸ್ಯರೇ, ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮುಂದ ಪುಸ್ತಕದ ಮಾತು ಬ್ಯಾಡ, ಮನೀ ಮಾತಿನ್ಯಾಗ ಹೇಳ್ತೀನಿ.

ಈ ವೇದಿಕಿ ನೋಡ್ರಿ. ಶಾಲಿ ಕಟ್ಟಿ ಸಣ್ಣದು, ಮೂವತ್ತು ಮಕ್ಕಳು ನಿಂತರ ಒಬ್ಬರ ಕೈ ಒಬ್ಬರಿಗೆ ಬಡಿತಿತ್ತು. ಅದಕ್ಕ ನೀವು ಎರಡು ಟ್ರ್ಯಾಕ್ಟರ್ ಟ್ರೇಲಿ ತಂದು ಕಟ್ಟೀಗೆ ಜೋಡಿಸೀರಿ. ಕಬ್ಬಿನ ಹಂಗಾಮಿನ್ಯಾಗ ಒಂದು ದಿನ ಟ್ರೇಲಿ ನಿಂತರ ಒಂದು ಖೇಪಿನ ದುಡ್ಡು ಹೋತು, ಅದು ನಮಗ ಗೊತ್ತೈತಿ. ಬರೇ ಟ್ರೇಲಿ ನಿಲ್ಲಿಸಿದ್ದರ ಮಕ್ಕಳು ಜಿಗಿದಾಗ ಗಾಲಿ ಮ್ಯಾಲೆ ಓಲಾಡ್ತಿತ್ತು. ನಿನ್ನೆ ಹಿರಿಯರು ಅಚ್ಚಿನ ಬುಡಕ್ಕ ಕಲ್ಲು ಕೊಟ್ಟು, ಗಾಲೀಗೆ ಹಿಂದ ಮುಂದ ಕಟ್ಟಿಗಿ ಒತ್ತಿ, ಸಂದಿಗೆ ಹಲಗಿ ಬಡಿದು, ತಾವ ಹತ್ತಿ ಕುಣಿದು ನೋಡ್ಯಾರ. ಆ ಕುಣಿತ ಕಾರ್ಯಕ್ರಮದ ಪಟ್ಟಿಯಾಗ ಇರಲಿಲ್ಲ, ಖರೇ ಹೇಳಬೇಕಂದ್ರ ಅದಕ್ಕೂ ಒಂದು ಬಹುಮಾನ ಕೊಡಬೇಕಿತ್ತು.

ಮನೀಗೆ ಹತ್ತು ರೊಟ್ಟಿ ಅಂತ ಕೇಳಿದ್ವಿ. ಸಾವಿರದ ಐದುನೂರರ ಮ್ಯಾಲೆ ಬಂದಾವು. ಖಡಕ್ ರೊಟ್ಟೀನ ಬೇಕು ಅಂದಿದ್ದು ಯಾಕಂದ್ರ, ಮೆತ್ತನ್ನ ರೊಟ್ಟಿ ಒಂದರ ಮ್ಯಾಲೊಂದು ಇಟ್ಟರ ಆವಿ ಕೂತು ಸಂಜೀತನಕ ಅಂಟಿ ಹಳಸತಾವು. ಎಲ್ಲಾರೂ ಖಡಕ್ ಮಾಡೇ ಕಳಿಸೀರಿ. ಜೋಡಿ ಶೇಂಗಾ ಹಿಂಡಿನೂ ಬಂದೈತಿ, ಅದನ್ನ ನಾವು ಕೇಳಿರಲಿಲ್ಲ. ಅವ್ವಾರ, ನಿಮಗ ಶರಣು.

ಕಬ್ಬು ಕಡಿಯೋ ಗ್ಯಾಂಗಿನವರು ಇವತ್ತ ನಸುಕಿನ್ಯಾಗ ಹೊಲಕ್ಕ ಹೋಗಿ, ಮೂರು ಗಂಟೇಕ್ಕ ಕೆಲಸ ಮುಗಿಸಿ, ಜಳಕ ಮಾಡಿ ಬಂದು ಕುಂತೀರಿ. ದುಡಿಯಾಕ ಗೋವಾ, ರತ್ನಾಗಿರಿ ಕಡೆ ಹೋದವರ ಮಕ್ಕಳನ್ನ ಅಜ್ಜ ಅಮ್ಮ ಕರಕೊಂಡು ಬಂದಾರ. ಆ ಮಕ್ಕಳ ಹಾಜರಿ ಈ ವರ್ಷ ತಪ್ಪದಂಗ ನೋಡಿಕೊಂಡವರೂ ಅವರ. ಅಜ್ಜಾರಿಗೆ, ಅಮ್ಮಾರಿಗೆ ಕೈಮುಗಿದು ನಮಸ್ಕಾರ.

ಇನ್ನು ಕೆಲವರ ಹೆಸರು ಬೇಗ ಹೇಳಿಬಿಡುತ್ತೇನೆ. ಪ್ರಾರ್ಥನೆಯ ಹೊತ್ತಿಗೆ ಮೈಕು ಕುಂಯ್ ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಸ್ಪೀಕರ್ ಪೆಟ್ಟಿಗೆಗಳು ಮೈಕಿನ ಹಿಂದೆ ಇದ್ದವು, ಪೆಟ್ಟಿಗೆಯ ದನಿಯೇ ತಿರುಗಿ ಮೈಕಿಗೆ ಹೋಗುತ್ತಿತ್ತು. ಧ್ವನಿವರ್ಧಕದವರು ಅವನ್ನು ವೇದಿಕೆಯ ಮುಂದಕ್ಕೆ ಸರಿಸಿ, ಮುಖವನ್ನು ಜನರ ಕಡೆ ತಿರುಗಿಸಿ ಎರಡೇ ನಿಮಿಷದಲ್ಲಿ ಸರಿಪಡಿಸಿದರು. ಅವರಿಗೆ, ಶಾಮಿಯಾನದವರಿಗೆ, ಹೆಸ್ಕಾಂ ಸಿಬ್ಬಂದಿಗೆ, ರಸ್ತೆಯಲ್ಲಿ ಕಬ್ಬಿನ ಗಾಡಿಗಳನ್ನು ನಿಧಾನಕ್ಕೆ ಬಿಡುತ್ತಿರುವ ಪೊಲೀಸರಿಗೆ, ಪೆಂಡಾಲಿನ ಕಂಬ ನೆಟ್ಟ ಹಳೆಯ ವಿದ್ಯಾರ್ಥಿಗಳಿಗೆ ಧನ್ಯವಾದಗಳು. ಬೆಳಿಗ್ಗೆಯಿಂದ ಕುರ್ಚಿ ಹೊತ್ತ, ರಂಗೋಲಿ ಹಾಕಿದ ನಮ್ಮ ಏಳನೇ ತರಗತಿಯ ಮಕ್ಕಳಿಗೆ ಪ್ರೀತಿಯ ಶಹಬ್ಬಾಸ್.

ಕುಳಿತಲ್ಲೇ ನಾಲ್ಕು ಸೂಚನೆ ಕೇಳಿಸಿಕೊಳ್ಳಿ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಅವರ ಕಾರ್ಯಕ್ರಮ ಮುಗಿದ ಕೂಡಲೇ ಎರಡನೇ ಕೋಣೆಯಲ್ಲಿ ಊಟ ಬಡಿಸುತ್ತೇವೆ, ಅಲ್ಲಿಂದ ಮಗುವನ್ನು ಮನೆಯವರ ಕೈಗೆ ಮಾತ್ರ ಕೊಡುತ್ತೇವೆ, ಪಕ್ಕದ ಮನೆಯವರ ಕೈಗೂ ಇಲ್ಲ. ಬಾಡಿಗೆಯ ವೇಷ ಇಲ್ಲೇ ಬಿಚ್ಚಿಕೊಟ್ಟು ಹೋಗಬೇಕು, ನಾಳೆ ಹತ್ತು ಗಂಟೆಯೊಳಗೆ ಹಿಂತಿರುಗಿಸಬೇಕಿದೆ. ಜನರೇಟರಿನ ಹತ್ತಿರ, ಟ್ರೇಲಿಗಳ ಕೆಳಗೆ ಮಕ್ಕಳು ಸುಳಿಯದಂತೆ ನೋಡಿಕೊಳ್ಳಿ. ಮೊಬೈಲ್ ಹಿಡಿದು ವೇದಿಕೆಯ ಮುಂದೆ ನಿಲ್ಲಬೇಡಿ, ಹಿಂದೆ ಕುಳಿತ ಅಜ್ಜಿಗೆ ಮೊಮ್ಮಗಳ ಬದಲು ನಿಮ್ಮ ಬೆನ್ನು ಕಾಣುತ್ತದೆ.

ಸಭಾ ಕಾರ್ಯಕ್ರಮ ಇಲ್ಲಿಗೆ ಮುಗಿಯಿತು. ಗಣ್ಯರು ದಯವಿಟ್ಟು ಮುಂದಿನ ಸಾಲಿನ ಕುರ್ಚಿಗಳಿಗೆ ಬರಬೇಕು. ರಾಷ್ಟ್ರಗೀತೆ ಕೊನೆಯ ಕಾರ್ಯಕ್ರಮದ ನಂತರ. ಒಂದನೇ ತರಗತಿಯ ಮಕ್ಕಳು ವೇದಿಕೆಯ ಎಡಗಡೆಯ ಮೆಟ್ಟಿಲಿನಿಂದ ಬನ್ನಿ. ಎಲ್ಲರಿಗೂ ಶರಣು ಶರಣಾರ್ಥಿ.