ಕಾಫಿ ತೋಟದ ಮರ ಕಾಡಿನ ಕೆಲಸ ಮಾಡುತ್ತದೆಯೇ? ಕೊಡಗಿನ ನೆಲದಲ್ಲಿ ನಿಂತು ಓದಿದ ಐದು ಪ್ರಬಂಧಗಳ ತುಲನಾ ಕೋಷ್ಟಕ

ಎಂ.ಎಸ್ಸಿ. ಅರಣ್ಯಶಾಸ್ತ್ರ, ಸಮಗ್ರ ಪರೀಕ್ಷೆ: ಲಿಖಿತ ಪತ್ರಿಕೆ ಮತ್ತು ಮೌಖಿಕ
ವಿಷಯ: ಕೃಷಿ ಅರಣ್ಯ ಮತ್ತು ಜೀವವೈವಿಧ್ಯ
ಸಿದ್ಧಪಡಿಸಿದ ಸ್ಥಳ: ಪೊನ್ನಂಪೇಟೆ

ಕೋಷ್ಟಕ ಓದುವ ಮುನ್ನ

ಪ್ರಬಂಧಗಳಿಗೆ ಪ1ರಿಂದ ಪ5ರವರೆಗೆ ಸಂಕೇತ ಕೊಟ್ಟಿದ್ದೇನೆ. ಗುರಿ, ವಿಧಾನ ಮತ್ತು ಫಲಿತಾಂಶದ ಅಂಕಣಗಳಲ್ಲಿ ಲೇಖಕರ ಮಾತಿನ ಸಾರವಿದೆ. ಮಿತಿಯ ಅಂಕಣದಲ್ಲಿರುವುದು ನನ್ನ ಆಕ್ಷೇಪಗಳು. ಆದ್ದರಿಂದ ಉತ್ತರ ಪತ್ರಿಕೆಯಲ್ಲಿ ‘ಲೇಖಕರೇ ಒಪ್ಪಿಕೊಂಡಿದ್ದಾರೆ’ ಎಂದು ಅವನ್ನು ಬರೆಯುವಂತಿಲ್ಲ. ‘ಈ ವಿಧಾನದಿಂದ ಇಷ್ಟನ್ನು ಮಾತ್ರ ಹೇಳಬಹುದು’ ಎಂದು ನಮ್ಮ ಹೊಣೆಯಲ್ಲೇ ಬರೆಯಬೇಕು.

| ಪ್ರಬಂಧ | ಗುರಿ | ವಿಧಾನ | ಫಲಿತಾಂಶ | ಮಿತಿ |
|---|---|---|---|---|
| ಪ1. ಭಾಗವತ್, ಕುಶಾಲಪ್ಪ, ವಿಲಿಯಮ್ಸ್, ಬ್ರೌನ್. ಎಕಾಲಜಿ ಅಂಡ್ ಸೊಸೈಟಿ, 2005 | ರಕ್ಷಿತ ಅರಣ್ಯದ ಜೀವವೈವಿಧ್ಯವನ್ನು ಅದರ ಸುತ್ತಲಿನ ದೇವರಕಾಡು ಮತ್ತು ಕಾಫಿ ತೋಟಗಳ ಜೀವವೈವಿಧ್ಯದೊಂದಿಗೆ ಹೋಲಿಸುವುದು | ಕೊಡಗಿನ 58 ತಾಣಗಳು; ಮೂರು ಬಗೆಯ ಭೂಬಳಕೆ; ಮರ, ಹಕ್ಕಿ, ಅಣಬೆ ಎಂಬ ಮೂರು ಜೀವಿಗುಂಪುಗಳ ಸಮೀಕ್ಷೆ | ರಕ್ಷಿತ ಅರಣ್ಯದಲ್ಲಿ ಮರಗಳ ವೈವಿಧ್ಯ ಹೆಚ್ಚು, ಪ್ರಭೇದಗಳ ಜೋಡಣೆಯೂ ಬೇರೆ. ಅರಣ್ಯಕ್ಕೆ ಹತ್ತಿರದ ದೇವರಕಾಡು ಮತ್ತು ತೋಟಗಳಲ್ಲಿ ಮರಗಳ ಸ್ಥಳೀಯ ಸ್ವರೂಪ ಉಳಿದಿದೆ | ಒಂದು ಜೀವಿ ಅಲ್ಲಿ ಕಂಡಿತೆಂದರೆ ಅದು ಅಲ್ಲೇ ಸಂತಾನ ಬೆಳೆಸುತ್ತದೆ ಎಂದಲ್ಲ. ಅಣಬೆ ಮಳೆಯನ್ನು ನಂಬಿರುವುದರಿಂದ ಸಮೀಕ್ಷೆಯ ಕಾಲವೇ ಎಣಿಕೆಯನ್ನು ಬದಲಿಸಬಲ್ಲದು |
| ಪ2. ಭಾಗವತ್, ವಿಲ್ಲಿಸ್, ಬರ್ಕ್ಸ್, ವಿಟಾಕರ್. ಟ್ರೆಂಡ್ಸ್ ಇನ್ ಎಕಾಲಜಿ ಅಂಡ್ ಎವಲ್ಯೂಷನ್, 2008 | ಉಷ್ಣವಲಯದ ಜೀವಿಗಳಿಗೆ ಕೃಷಿ ಅರಣ್ಯ ಆಸರೆಯಾಗಬಲ್ಲದೇ? | ಪ್ರಕಟಿತ ಅಧ್ಯಯನಗಳ ವಿಮರ್ಶೆ. ನೈಸರ್ಗಿಕ ಕಾಡಿನೊಂದಿಗೆ ಹೋಲಿಕೆ | ಕೃಷಿ ಅರಣ್ಯದ ಪ್ರಭೇದ ಸಂಖ್ಯೆ ಸರಾಸರಿಯಲ್ಲಿ ಕಾಡಿನ ಸಂಖ್ಯೆಯ 60%ಗಿಂತ ಹೆಚ್ಚು. ಪ್ರಭೇದಗಳ ಸಾಮ್ಯ ಮಾತ್ರ ಮೃದುಕಾಂಡದ ಸಣ್ಣ ಸಸ್ಯಗಳಲ್ಲಿ 25%, ಸಸ್ತನಿಗಳಲ್ಲಿ 65% | ಬೇರೆ ಬೇರೆ ದೇಶ, ಬೆಳೆ, ವಿಧಾನಗಳ ಸರಾಸರಿ. ಕೊಡಗಿನ ಯಾವ ತೋಟಕ್ಕೂ ನೇರವಾಗಿ ಅನ್ವಯಿಸಲಾಗದು |
| ಪ3. ಗಾರ್ಸಿಯಾ ಮತ್ತು ಇತರರು. ಕನ್ಸರ್ವೇಶನ್ ಬಯಾಲಜಿ, 2010 | ಮಧ್ಯ ಅಮೆರಿಕದ ಭೂದೃಶ್ಯಗಳಿಗೆಂದು 2008ರಲ್ಲಿ ಹಾರ್ವೆ ಮತ್ತು ಇತರರು ಸೂಚಿಸಿದ ಆರು ಕಾರ್ಯತಂತ್ರಗಳು ಪಶ್ಚಿಮ ಘಟ್ಟದ ಕಾಫಿ ತೋಟಗಳಿಗೆ ಒಗ್ಗುತ್ತವೆಯೇ? | ವಾದ ಪ್ರಬಂಧ | ಆರರಲ್ಲಿ ಒಂದೇ ಒಂದು ಕಾರ್ಯತಂತ್ರ ಜೀವನೋಪಾಯವನ್ನು ನೇರವಾಗಿ ಮುಟ್ಟುತ್ತದೆ. ರೈತರ ಆಶಯ ಯೋಜನೆಯ ಕೇಂದ್ರದಲ್ಲಿ ಇಲ್ಲ | ಹೊಸ ಕ್ಷೇತ್ರ ಮಾಪನವಿಲ್ಲ |
| ಪ4. ಬಾಲ್, ನಾಥ್, ನಾಣಯ್ಯ, ಕುಶಾಲಪ್ಪ, ಗಾರ್ಸಿಯಾ. ಎನ್ವಿರಾನ್ಮೆಂಟಲ್ ಮ್ಯಾನೇಜ್ಮೆಂಟ್, 2011 | ಆನೆ–ಮಾನವ ಸಂಘರ್ಷದ ಸ್ಥಳ, ಕಾಲ ಮತ್ತು ಕಾರಣಗಳನ್ನು ಗುರುತಿಸುವುದು | 2007ರ ಮೇ ತಿಂಗಳಿನಿಂದ ಅಧ್ಯಯನ. ಸಂಘರ್ಷ ನಕ್ಷೆ, ಸ್ಥಳೀಯರ ಅಭಿಪ್ರಾಯ, ತೋಟದ ಲಕ್ಷಣಗಳ ವಿಶ್ಲೇಷಣೆ, ಲದ್ದಿ ಪರೀಕ್ಷೆ | ಹತ್ತು ವರ್ಷಗಳಲ್ಲಿ ಸಂಘರ್ಷದ ತೀವ್ರತೆ ಹೆಚ್ಚಿದೆ, ಋತುಮಾನವೂ ಬದಲಾಗಿದೆ. ತೋಟದ ಭೌತಿಕ ಲಕ್ಷಣಕ್ಕೂ ಆನೆಯ ಭೇಟಿಗೂ ಸಂಬಂಧ ಕಾಣಲಿಲ್ಲ. ಆನೆಗಳು ಮಾಗಿದ ಕಾಫಿ ಹಣ್ಣನ್ನು ಆರಿಸಿ ತಿನ್ನುತ್ತಿವೆ | ಎಷ್ಟು ಆನೆಗಳು ಕಾಫಿ ತಿನ್ನುತ್ತವೆ ಎಂಬುದನ್ನು ಲದ್ದಿಯೊಂದೇ ಹೇಳಲಾರದು. ಸಂಬಂಧ ಕಾಣಲಿಲ್ಲ ಎಂಬುದು ಆನೆಗಳು ಕಾಡಿನಿಂದ ಕಾಡಿಗೆ ಸಾಗುವ ದಾರಿಗೆ ಪರೋಕ್ಷ ಸಾಕ್ಷಿ ಮಾತ್ರ |
| ಪ5. ಬೊರೊ, ಕುಶಾಲಪ್ಪ, ವಾಸ್ಟ್, ಗಜೂಲ್. ಪಿಎನ್ಎಎಸ್, 2013 | ಗೊಬ್ಬರ, ನೀರಾವರಿ, ನೆರಳು, ಮಣ್ಣುಗಳ ನಡುವೆ ಪರಾಗಸ್ಪರ್ಶದ ಪಾಲು ಎಷ್ಟು? | ತೋಟಗಳಲ್ಲಿ ಜೇನುಗಳ ಎಣಿಕೆ, ಕೊಯ್ಲಿನ ಹಣ್ಣಿನ ಲೆಕ್ಕ. ಮಳೆ, ಮಣ್ಣಿನ ಆಮ್ಲೀಯತೆ, ಸಾರಜನಕಗಳನ್ನೂ ಒಳಗೊಂಡ ವಿಶ್ಲೇಷಣೆ | ಜೇನು ಹೆಚ್ಚಿದಂತೆ ಹಣ್ಣು ಹೆಚ್ಚು. ಹೂ ಅರಳಿಸಲು ಒಮ್ಮೆ ಹಾಯಿಸಿದ ನೀರಿನಿಂದ ಗಿಡಕ್ಕೆ ಬರುವ ಜೇನು ಗಣನೀಯವಾಗಿ ಏರಿತು. ನೀರು ಮತ್ತು ಸುಣ್ಣದ ಪರಿಣಾಮ ಮರದ ಹೊದಿಕೆಯ ಪರಿಣಾಮಕ್ಕಿಂತ ಬಹಳ ದೊಡ್ಡದು | ರೊಬಸ್ಟಾದ ಫಲಿತಾಂಶ ಅರೇಬಿಕಾಕ್ಕೆ ಸಲ್ಲದು. ಹಣ್ಣಿನ ಸಂಖ್ಯೆ ರೈತನ ಲಾಭವಲ್ಲ. ಎಲ್ಲರೂ ಒಟ್ಟಿಗೆ ನೀರು ಹಾಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರವಿಲ್ಲ |

ಪ5: ಇದರ ಮೇಲೆ ಪ್ರಶ್ನೆ ಬಂದೇ ಬರುತ್ತದೆ

ಮಾರ್ಚ್ ಹೊತ್ತಿಗೆ ಗೋಣಿಕೊಪ್ಪದ ಕಡೆ ರಸ್ತೆಯ ಒಂದು ಮಗ್ಗುಲಿನ ತೋಟ ಮೊಗ್ಗು ಬಿಗಿಹಿಡಿದು ಹೂಮಳೆಗೆ ಕಾದಿರುತ್ತದೆ. ಇನ್ನೊಂದು ಮಗ್ಗುಲಿನವರು ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಿರುತ್ತಾರೆ, ಅಲ್ಲಿ ರೆಂಬೆಗಳೆಲ್ಲ ಬೆಳ್ಳಗಾಗಿರುತ್ತವೆ. ಸುತ್ತಲೂ ಬೇರೆ ಕಾಫಿ ಹೂವಿಲ್ಲದ ಆ ದಿನಗಳಲ್ಲಿ ಹೆಜ್ಜೇನು ಅಲ್ಲಿಗೇ ಮುತ್ತುತ್ತದೆ. ಮಳೆ ಬಿದ್ದು ಊರಿನ ತೋಟಗಳೆಲ್ಲ ಒಂದೇ ಸಲ ಅರಳಿದಾಗ ಅದೇ ಜೇನು ಸಾವಿರಾರು ಎಕರೆಗೆ ಹಂಚಿಹೋಗುತ್ತದೆ. ಪ5ರ ಮುಖ್ಯ ಫಲಿತಾಂಶದ ಹಿಂದಿನ ತರ್ಕ ಇದು: ಹೂ ಬಿಡುವ ಕಾಲ ಬೇರೆಯಾದರೆ ಜೇನು ಸಾಂದ್ರವಾಗುತ್ತದೆ.

ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ. ನೀರು ಹಾಯಿಸಿದವನಿಗೆ ಲಾಭ ಬಂದದ್ದು ನೆರೆಯವನು ಹಾಯಿಸಲಿಲ್ಲ ಎಂಬ ಕಾರಣಕ್ಕೂ ಹೌದು. ಎಲ್ಲರೂ ಒಂದೇ ವಾರ ಪಂಪು ಹಾಕಿದರೆ ಹೂಮಳೆಯ ದಿನದ ಸ್ಥಿತಿಯೇ ಮರಳುತ್ತದೆ, ಕೆರೆಯ ನೀರು ಖಾಲಿಯಾದದ್ದು ಬೇರೆ. ತೋಟದ ಮಟ್ಟದಲ್ಲಿ ಸರಿಯಾದ ಸಲಹೆ ಹೋಬಳಿಯ ಮಟ್ಟದಲ್ಲಿ ಸರಿಯಾಗಬೇಕೆಂದಿಲ್ಲ. ನನ್ನ ಮಟ್ಟಿಗೆ ಈ ಐದರಲ್ಲಿ ವಿಧಾನ ಅತ್ಯಂತ ಗಟ್ಟಿಯಾಗಿರುವುದು ಪ5ರದ್ದು, ಅತಿ ಸುಲಭವಾಗಿ ತಪ್ಪು ಬಳಕೆಗೆ ಸಿಗುವುದೂ ಅದೇ.

ರೊಬಸ್ಟಾ ಹೂವಿಗೆ ತನ್ನದೇ ಪರಾಗ ಒಗ್ಗುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನಿಂದಲೋ ಬರಬೇಕು. ಅರೇಬಿಕಾ ಸ್ವಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಉತ್ತರದಲ್ಲಿ ಬರೇ ‘ಕಾಫಿ’ ಎಂದು ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಪ1 ಮತ್ತು ಪ5 ಒಂದಕ್ಕೊಂದು ವಿರುದ್ಧವೇ?

ಮೇಲ್ನೋಟಕ್ಕೆ ಹೌದು. ಒಂದು ಮರಗಳಿರುವ ಇಡೀ ಭೂದೃಶ್ಯಕ್ಕೆ ಬೆಲೆ ಕಟ್ಟುತ್ತದೆ. ಇನ್ನೊಂದು, ಜೇನಿಗಾಗಿ ದಟ್ಟ ನೆರಳು ಉಳಿಸುವುದಕ್ಕಿಂತ ಹೂವಿನ ಕಾಲವನ್ನು ನಿಭಾಯಿಸುವುದೇ ಹೆಚ್ಚು ಫಲಕಾರಿ ಎನ್ನುತ್ತದೆ. ಆದರೆ ಪ1 ಎಣಿಸಿದ್ದು ತಾಣದಲ್ಲಿರುವ ಪ್ರಭೇದಗಳನ್ನು, ಪ5 ಎಣಿಸಿದ್ದು ಗಿಡದಲ್ಲಿನ ಹಣ್ಣನ್ನು. ಅಳತೆ ಬೇರೆಯಾದ ಮೇಲೆ ಫಲಿತಾಂಶ ಬೇರೆಯಾಗುವುದು ವಿರೋಧವಲ್ಲ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರಗಳಲ್ಲಿ, ಆ ಮರ ನಮ್ಮ ತೋಟದ ಬೇಲಿಯೊಳಗೇ ಇರಬೇಕೆಂದಿಲ್ಲ. ಹಾಗಾಗಿ ‘ನೆರಳಿನ ಸಾಂದ್ರತೆ ಇಳುವರಿಗೆ ಮುಖ್ಯವಲ್ಲ’ ಎಂಬುದರಿಂದ ‘ಮರ ಬೇಡ’ ಎಂಬಲ್ಲಿಗೆ ಜಿಗಿಯಲು ಪ5 ಅವಕಾಶ ಕೊಡುವುದಿಲ್ಲ.

ಪ2ರ ಅಂಕಿಗಳಲ್ಲೂ ಇಂಥದ್ದೇ ಬಲೆ ಇದೆ. 60% ಎಂಬುದು ಪ್ರಭೇದಗಳ ಸಂಖ್ಯೆಯ ಮಾತು. ಸಾಮ್ಯ ಎಂದರೆ ಅವೇ ಪ್ರಭೇದಗಳು ಎರಡೂ ಕಡೆ ಇವೆಯೇ ಎಂಬ ಮಾತು. ಸಿಲ್ವರ್ ಓಕ್, ಹಾಲುವಾಣ ಸೇರಿಸಿ ಸಂಖ್ಯೆ ತುಂಬಿಸಬಹುದು, ಅದರಿಂದ ಕಾಡಿನ ಮರ ಬಂದಂತಾಗುವುದಿಲ್ಲ.

ಪ4

ಕಾಡಾನೆಗಳು ಕಾಫಿ ಹಣ್ಣು ತಿನ್ನುವುದರ ಮೊದಲ ವರದಿ ಇದು ಎಂದು ತಮಗೆ ತಿಳಿದ ಮಟ್ಟಿಗೆ ಲೇಖಕರು ಹೇಳಿಕೊಂಡಿದ್ದಾರೆ. ‘ತಮಗೆ ತಿಳಿದ ಮಟ್ಟಿಗೆ’ ಎಂಬುದನ್ನು ಉತ್ತರದಲ್ಲಿ ಬಿಡಬಾರದು. ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿದರೆ ಲದ್ದಿಯಲ್ಲಿ ಬೀಜ ನೋಡಿದ ಕಥೆ ಪ್ರಬಂಧಕ್ಕಿಂತ ಹಳೆಯದು ಎಂದಾರು. ಇರಬಹುದು, ಆದರೆ ಪರೀಕ್ಷೆಗೆ ಅದು ಸಾಕ್ಷಿಯಾಗದು.

ಪ್ರಬಂಧದ ತಿರುಳು, ನನ್ನ ಓದಿನಲ್ಲಿ, ಕಾಫಿ ಹಣ್ಣಿಗಿಂತ ದಾರಿಯ ಕುರಿತದ್ದು. ಜಿಲ್ಲೆಯ ಪೂರ್ವದ ಕಾಡಿಗೂ ಪಶ್ಚಿಮದ ಕಾಡಿಗೂ ನಡುವೆ ಆನೆಗಳು ಓಡಾಡುತ್ತವೆ, ತೋಟ ನಡುವೆ ಸಿಗುತ್ತದೆ, ಸಿಕ್ಕಿದ್ದನ್ನು ತಿಂದು ಮುಂದೆ ಹೋಗುತ್ತವೆ. ಇದು ನಿಜವಾದರೆ ಒಬ್ಬೊಬ್ಬರೇ ಹಾಕುವ ವಿದ್ಯುತ್ ಬೇಲಿ ಆನೆಯನ್ನು ಪಕ್ಕದವರ ತೋಟಕ್ಕೆ ದಾಟಿಸುತ್ತದೆ ಅಷ್ಟೇ. ಬೇಲಿ ಮತ್ತು ಪರಿಹಾರ ಧನದ ಯಶಸ್ಸು ಸೀಮಿತ ಎಂದು ಪ್ರಬಂಧವೂ ಹೇಳುತ್ತದೆ. ‘ಹಲಸಿನ ಮರ ತೆಗೆದರೆ ಆನೆ ಬಾರದು’ ಎಂಬ ವಾದದ ಪರವಾಗಲಿ ವಿರುದ್ಧವಾಗಲಿ ಇದನ್ನು ನೇರ ಸಾಕ್ಷಿಯಾಗಿ ಎಳೆದು ತರಬಾರದು.

ಪ3: ಕ್ಷೇತ್ರದ ಅಂಕಿಗಳಿಲ್ಲದಿದ್ದರೂ ಏಕೆ ಸೇರಿಸಿದೆ

ಉಳಿದ ನಾಲ್ಕರಲ್ಲಿ ಮರ ಯಾರದು ಎಂಬ ಪ್ರಶ್ನೆ ಮುಂದೆ ಬರುವುದಿಲ್ಲ. ಕೊಡಗಿನಲ್ಲಿ ಆ ಪ್ರಶ್ನೆ ಬಿಟ್ಟು ನೆರಳಿನ ಬಗ್ಗೆ ಬರೆಯಲಾಗದು. ಮರದ ಹಕ್ಕು ಸರ್ಕಾರದ ಬಳಿಯೇ ಉಳಿದಿರುವ ಬಾಣೆ ಜಮೀನಿನಲ್ಲಿ ನಂದಿ, ಬೀಟೆ ಬೆಳೆಸಿದವನಿಗೆ ಸಿಗುವುದು ನೆರಳು ಮತ್ತು ತರಗೆಲೆ. ಸಿಲ್ವರ್ ಓಕ್ ಕಡಿಯಲು ಮರ ಸಂರಕ್ಷಣಾ ಕಾಯ್ದೆಯ ಪೂರ್ವಾನುಮತಿ ಬೇಕಿಲ್ಲ, ಮೆಣಸಿನ ಬಳ್ಳಿಯೂ ಅದರ ಮೇಲೆ ಚೆನ್ನಾಗಿ ಹಬ್ಬುತ್ತದೆ. ರೈತ ಯಾವುದನ್ನು ನೆಡುತ್ತಾನೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಜನರನ್ನೂ ಜೀವವೈವಿಧ್ಯದಷ್ಟೇ ಮುಖ್ಯವೆಂದು ಎಣಿಸಬೇಕೆಂಬ ಪ3ರ ವಾದ ಈ ಹಿನ್ನೆಲೆಯಲ್ಲಿ ಸರಿಯಾಗಿ ಅರ್ಥವಾಗುತ್ತದೆ. ಹಾರ್ವೆ ಮತ್ತು ಇತರರ ವಿಶಾಲ ದೃಷ್ಟಿಯನ್ನು ಲೇಖಕರು ತಳ್ಳಿಹಾಕಿಲ್ಲ. ಆದ್ಯತೆಗಳ ಸಮತೋಲನವನ್ನು ಪ್ರಶ್ನಿಸಿದ್ದಾರೆ. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಾದರೂ ಬರೆಯಬೇಕು.

ಐದು ಸಾಕ್ಷಿಗಳೋ, ಒಂದೂವರೆಯೋ?

ಕೋಷ್ಟಕದ ಮೊದಲ ಅಂಕಣವನ್ನು ಇನ್ನೊಮ್ಮೆ ನೋಡಿ. ಪ1, ಪ4, ಪ5ರಲ್ಲಿ ಇರುವ ಕುಶಾಲಪ್ಪ ಪ3ರ ‘ಇತರರು’ ಎಂಬಲ್ಲೂ ಇದ್ದಾರೆ. ಭಾಗವತ್ ಪ1, ಪ2, ಪ3ರಲ್ಲಿ, ಗಾರ್ಸಿಯಾ ಪ3, ಪ4ರಲ್ಲಿ, ಗಜೂಲ್ ಪ3, ಪ5ರಲ್ಲಿ. ಕುಶಾಲಪ್ಪ ಅವರ ಮೂಲಕ ಪೊನ್ನಂಪೇಟೆಯ ನಮ್ಮ ಅರಣ್ಯ ಮಹಾವಿದ್ಯಾಲಯದ ಹೆಸರು ಇಷ್ಟು ಪ್ರಬಂಧಗಳಲ್ಲಿ ಬರುವುದು ಹೆಮ್ಮೆಯೇ. ಆದರೆ ಒಂದೇ ಬಳಗದವರು ಬಹುಪಾಲು ಒಂದೇ ಜಿಲ್ಲೆಯಲ್ಲಿ ಕೆಲಸ ಮಾಡಿ ಒಂದೇ ದಿಕ್ಕಿಗೆ ಬೊಟ್ಟು ಮಾಡಿದಾಗ ‘ಐದು ಸ್ವತಂತ್ರ ಅಧ್ಯಯನಗಳು ಒಪ್ಪುತ್ತವೆ’ ಎಂದು ಬರೆಯುವುದು ತಪ್ಪು. ತಾಣಗಳ ಆಯ್ಕೆ, ಕೇಳುವ ಪ್ರಶ್ನೆ, ಬಳಸುವ ಪರಿಭಾಷೆ ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಹರಿದಿರುವ ಸಾಧ್ಯತೆ ಇದೆ. ಕೆಲಸ ಕಳಪೆ ಎಂಬ ಅರ್ಥವಲ್ಲ ಇದು. ಒಪ್ಪಿಗೆಯ ತೂಕವನ್ನು ಎಷ್ಟು ಎಣಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಮೌಖಿಕದಲ್ಲಿ ಕೇಳಬಹುದಾದವು, ಉತ್ತರದ ಎಳೆಯೊಂದಿಗೆ

*ದೇವರಕಾಡು ಚಿಕ್ಕದು, ಅದರಿಂದೇನು ಪ್ರಯೋಜನ?* ಪ1ರಿಂದ ಶುರುಮಾಡಿ. ಒಂಟಿ ತುಂಡಾಗಿ ಅಲ್ಲ, ಅರಣ್ಯ, ತೋಟ, ದೇವರಕಾಡು ಸೇರಿದ ಭೂದೃಶ್ಯದ ಭಾಗವಾಗಿ ಅದರ ಬೆಲೆ. ಅರಣ್ಯದ ಸಾಮೀಪ್ಯ ತೋಟದ ಮರಗಳ ಸ್ವರೂಪವನ್ನೂ ಪ್ರಭಾವಿಸುತ್ತದೆ. ಅರಣ್ಯಕ್ಕೆ ತೋಟ ಬದಲಿಯಾಗುತ್ತದೆ ಎಂದು ಮಾತ್ರ ಹೇಳಬೇಡಿ. ಅರಣ್ಯದ ಮರಗಳ ಜೋಡಣೆ ಬೇರೆ ಎಂಬುದೇ ಪ1ರ ಫಲಿತಾಂಶ.

*ಈ ಐದರಲ್ಲಿ ಒಂದನ್ನು ಮತ್ತೆ ಮಾಡುವುದಾದರೆ?* ಪ5. ಕೆಲವು ಊರುಗಳಲ್ಲಿ ಎಲ್ಲ ತೋಟಗಳಿಗೂ ಒಂದೇ ಸಲ ನೀರು, ಕೆಲವು ಊರುಗಳಲ್ಲಿ ಸರದಿಯಂತೆ ನೀರು. ತೋಟಕ್ಕೆ ಬದಲು ಊರೇ ಅಧ್ಯಯನದ ಘಟಕ. ಹಣ್ಣಿನ ಸಂಖ್ಯೆಯ ಜೊತೆಗೆ ತೂಕ, ಡೀಸೆಲ್ ಖರ್ಚು ಮತ್ತು ಕೆರೆಯ ನೀರಿನ ಮಟ್ಟದ ಲೆಕ್ಕವೂ ಇರಬೇಕು.

*ಆನೆಯ ವಿಷಯಕ್ಕೂ ಜೇನಿನ ವಿಷಯಕ್ಕೂ ಏನು ಸಂಬಂಧ?* ಎರಡೂ ತೋಟದ ಬೇಲಿಯನ್ನು ಲೆಕ್ಕಕ್ಕಿಡುವುದಿಲ್ಲ. ಒಬ್ಬ ಬೆಳೆಗಾರನ ನಿರ್ಧಾರದ ಫಲ ನೆರೆಯವನ ತೋಟದಲ್ಲಿ ಕಾಣುತ್ತದೆ. ಇಲ್ಲಿಂದ ಪ3ಕ್ಕೆ ದಾಟಿ, ಸಮಯ ಸಿಕ್ಕರೆ ಮರದ ಹಕ್ಕಿನ ಮಾತು ಎತ್ತಿ.