ಅಸಿಸ್ಟೆಂಟ್‌ಗೆ ಹೇಳಿದರೆ ಫೋಟೋ ಎಡಿಟ್ ಆಗುತ್ತದಾ? ನಿಮ್ಮ ಪ್ರಶ್ನೆಗೆ ಉತ್ತರ

ಅಕ್ಕಾ, ನಮಸ್ಕಾರ.

ನಿಮ್ಮ ಅಪ್ಪ ಅಮ್ಮನ ಹಳೇ ಕಪ್ಪು ಬಿಳುಪು ಮದುವೆ ಫೋಟೋ ವಾಟ್ಸಾಪಿನಲ್ಲಿ ಬಂತು. ಮಗ ಫೋನಿಗೆ ಹಾಕಿಕೊಟ್ಟ ಎಐ ಅಸಿಸ್ಟೆಂಟ್‌ಗೆ ಹೇಳಿದರೆ ಇದು ಸರಿಯಾಗುತ್ತದಾ ಎಂದು ಕೇಳಿದ್ದೀರಿ. ಒಂದಷ್ಟು ಆಗುತ್ತದೆ. ಗೋಡೆ ಮೇಲಿನ ಕಲೆ ಹೋಗುತ್ತದೆ, ಮಬ್ಬು ತಿಳಿಯಾಗುತ್ತದೆ, ಬಣ್ಣವೂ ಬರುತ್ತದೆ. ಆದರೆ ಅಪ್ಪ ಅಮ್ಮನ ಮುಖವನ್ನು ಮಾತ್ರ ಅದರ ಕೈಗೆ ಬಿಡಬೇಡಿ. ಸ್ಟುಡಿಯೋದಲ್ಲಿ ಹಳೇ ಫೋಟೋ ಸರಿಮಾಡುವ ಕೆಲಸ ಮಾಡುವವನಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಫೋನಿನಲ್ಲಿರುವುದು ಯಾವ ಬಗೆಯದು ಎಂದು ನೋಡಿಕೊಳ್ಳಿ. ಕೆಲವು ಅಸಿಸ್ಟೆಂಟ್‌ಗಳು ಫೋಟೋ ನೋಡಿ ಅದರ ಬಗ್ಗೆ ಹೇಳುತ್ತವೆ, ಅಷ್ಟೇ. ಹೊಸ ಫೋಟೋ ಮಾಡಿ ಕೊಡುವುದಿಲ್ಲ. ಇನ್ನು ಕೆಲವು ಚಿತ್ರವನ್ನೂ ಮಾಡಿ ಕೊಡುತ್ತವೆ. ಚಾಟ್‌ಜಿಪಿಟಿಗೆ 2025ರ ಮಾರ್ಚ್‌ನಲ್ಲಿ, ಜೆಮಿನಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ಹೊಸ ಚಿತ್ರದ ಸೌಲಭ್ಯದಿಂದ ಈ ಕೆಲಸ ಮನೆಮಂದಿಯ ಕೈಗೂ ಸಿಕ್ಕಿತು. ಪರೀಕ್ಷೆ ಸುಲಭ. ಬರೆಯುವ ಜಾಗದ ಪಕ್ಕದ + ಒತ್ತಿ, ಬೇರೆ ಯಾವುದಾದರೂ ಸಾಮಾನ್ಯ ಫೋಟೋ ಸೇರಿಸಿ, ಸಣ್ಣದೊಂದು ಬದಲಾವಣೆ ಕೇಳಿ. ಹೊಸ ಫೋಟೋ ಬಂದರೆ ಅದಕ್ಕೆ ಬರುತ್ತದೆ ಎಂದರ್ಥ. "ಸರಿ ಮಾಡಿದ್ದೇನೆ" ಎಂಬ ಮಾತು ಮಾತ್ರ ಬಂದು ಫೋಟೋ ಬರದಿದ್ದರೆ ಏನೂ ಆಗಿಲ್ಲ, ನಂಬಬೇಡಿ.

ಚಿತ್ರ ಕೊಡದ ಅಸಿಸ್ಟೆಂಟ್ ಕೂಡ ಉಪಯೋಗಕ್ಕೆ ಬರುತ್ತದೆ. ಫೋಟೋ ಯಾಕೆ ಮಂಕಾಗಿದೆ, ಎಲ್ಲಿ ಕತ್ತರಿಸಿದರೆ ಚೆನ್ನ, ಗ್ಯಾಲರಿಯಲ್ಲಿ ಯಾವ ಬಟನ್ ಒತ್ತಬೇಕು ಎಂಬುದನ್ನೆಲ್ಲ ಕನ್ನಡದಲ್ಲೇ ವಿವರಿಸುತ್ತದೆ. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಯಾವ ವರ್ಷ ಇದೆ ಎಂದು ಕೇಳಿದ್ದೀರಲ್ಲ, ಅಕ್ಷರ ಸ್ಪಷ್ಟವಾಗಿದ್ದರೆ ಅದನ್ನೂ ಓದಬಹುದು. ನಿಮ್ಮ ಫೋಟೋದಲ್ಲಿ ಕ್ಯಾಲೆಂಡರ್ ಪೂರ್ತಿ ಮಸುಕು. ಅಸಿಸ್ಟೆಂಟ್ ಹೇಳುವ ವರ್ಷವನ್ನು ಮನೆಯಲ್ಲಿ ಹಿರಿಯರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಈಗ ಮುಖದ ವಿಷಯ. ಫೋಟೋದ ಮಧ್ಯೆ ಒಂದು ಮಡಿಕೆ ಇದೆ. ಅದು ಅಪ್ಪನ ಭುಜದಿಂದ ಹಾದು ಕಿವಿ, ಕೆನ್ನೆಯವರೆಗೆ ಹೋಗಿದೆ. ಅಲ್ಲಿ ಚಿತ್ರದ ಪದರವೇ ಉದುರಿಹೋಗಿದೆ. ಕೆಳಗೆ ಏನೋ ಅಡಗಿದೆ, ಅಸಿಸ್ಟೆಂಟ್ ಅದನ್ನು ಹೊರಗೆ ತೆಗೆಯುತ್ತದೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಅಲ್ಲಿ ಏನೂ ಇಲ್ಲ ಅಕ್ಕಾ. ಅಸಿಸ್ಟೆಂಟ್ ತಾನು ನೋಡಿ ಕಲಿತ ಬೇರೆ ಬೇರೆ ಮುಖಗಳ ಆಧಾರದ ಮೇಲೆ ಹೀಗಿದ್ದೀತು ಎಂದು ಊಹಿಸಿ ಬರೆಯುತ್ತದೆ. ಅಷ್ಟಕ್ಕೇ ನಿಂತರೂ ಪರವಾಗಿಲ್ಲ. ಆದರೆ ಗೋಡೆಯ ಕಲೆ ಮಾತ್ರ ತೆಗೆ ಎಂದರೂ ಎಷ್ಟೋ ಸಲ ಇಡೀ ಫೋಟೋವನ್ನು ಹೊಸದಾಗಿ ಬರೆದುಬಿಡುತ್ತದೆ. ಆಗ ಹುಬ್ಬು ಸ್ವಲ್ಪ ದಪ್ಪವಾಗುತ್ತದೆ, ಮೂಗು ನೇರವಾಗುತ್ತದೆ, ಚರ್ಮ ನುಣುಪಾಗುತ್ತದೆ. ಮೊದಲ ನೋಟಕ್ಕೆ ಬಹಳ ಚೆನ್ನಾಗಿ ಕಾಣುತ್ತದೆ. ಎರಡನೇ ಸಲ ನೋಡಿದಾಗ, ಅಪ್ಪನ ಹಾಗೇ ಇರುವ ಬೇರೆ ಯಾರೋ.

ನಿಮ್ಮ ಅಪ್ಪನ ಕೆನ್ನೆ ಮೇಲೆ ಸಿಡುಬಿನ ಗುರುತುಗಳಿವೆ. ಕಾಗದದ ಕಲೆ ಯಾವುದು, ಸಿಡುಬಿನ ಗುರುತು ಯಾವುದು ಎಂದು ನಿಮಗೆ ಗೊತ್ತು. ಅದಕ್ಕೆ ಗೊತ್ತಿಲ್ಲ, ಎರಡನ್ನೂ ಒಟ್ಟಿಗೆ ಅಳಿಸಿಬಿಡಬಹುದು. ಅಮ್ಮನ ಗಲ್ಲದ ಹಚ್ಚೆಗೂ ಇದೇ ಗತಿ. ಮೊಮ್ಮಕ್ಕಳು ಮುಂದೆ ಈ ಫೋಟೋ ನೋಡಿಯೇ ಅವರನ್ನು ತಿಳಿಯಬೇಕು. ಅದಕ್ಕೇ ನನಗೆ ಇಷ್ಟು ಕಾಳಜಿ.

ಬಣ್ಣದ್ದೂ ಊಹೆಯೇ. ಕಪ್ಪು ಬಿಳುಪು ಫೋಟೋದಲ್ಲಿ ಎಷ್ಟು ಕಡು, ಎಷ್ಟು ತಿಳಿ ಎಂಬುದು ಮಾತ್ರ ಇರುತ್ತದೆ. ಸೀರೆ ಕೆಂಪೋ ಹಸಿರೋ ಎಂಬ ಸುದ್ದಿಯೇ ಇರುವುದಿಲ್ಲ. ನೀವು ಹೇಳದಿದ್ದರೆ ತನಗೆ ತೋಚಿದ ಬಣ್ಣ ಹಾಕುತ್ತದೆ. ಅಮ್ಮನ ಧಾರೆ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ ಎಂದು ಬರೆದಿದ್ದೀರಿ. ಹಾಗಾದರೆ ಹಗಲು ಬೆಳಕಿನಲ್ಲಿ ಅದರ ಫೋಟೋ ತೆಗೆದು ಜೊತೆಗೆ ಸೇರಿಸಿ. ನಿಮಗೆ ಸುಲಭವಾಗಲಿ ಅಂತ ಏನು ಬರೆಯಬೇಕು ಎಂಬುದನ್ನೂ ಕೊಡುತ್ತೇನೆ:

"ಮೊದಲನೇ ಫೋಟೋದ ಗೋಡೆ ಮೇಲಿನ ಕಲೆ ಮಾತ್ರ ತೆಗೆ. ಮುಖ, ಕೈ, ಒಡವೆ, ಅಕ್ಷರ ಯಾವುದನ್ನೂ ಬದಲಾಯಿಸಬೇಡ. ಸೀರೆಗೆ ಎರಡನೇ ಫೋಟೋದಲ್ಲಿರುವ ಬಣ್ಣ ಹಾಕು."

ಹೀಗೆ ಹೇಳಿದರೆ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಬಂದದ್ದನ್ನು ಹಳೆಯದರ ಪಕ್ಕ ಇಟ್ಟು ಕಣ್ಣು, ಕಿವಿ, ಕೈಬೆರಳು ದೊಡ್ಡದು ಮಾಡಿ ನೋಡಿ. ಕೆಳಗೆ ಅಚ್ಚಾಗಿರುವ ಸ್ಟುಡಿಯೋ ಹೆಸರನ್ನೂ ಓದಿ. ಕನ್ನಡದ ಒತ್ತಕ್ಷರಗಳು ಆಗಾಗ ಅರ್ಥವಿಲ್ಲದ ಗೀಟುಗಳಾಗಿ ಬರುತ್ತವೆ.

ಎಡಗಡೆ ನಿಂತಿರುವವರನ್ನು ತೆಗೆಯಬಹುದಾ ಎಂದಿರಿ. ಆಗುತ್ತದೆ, ಅದಕ್ಕೆ ಅಸಿಸ್ಟೆಂಟ್ ಕೂಡ ಬೇಡ. ಗೂಗಲ್ ಫೋಟೋಸ್‌ನಲ್ಲಿ Edit ಒತ್ತಿದರೆ Magic Eraser ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಬೆರಳಿನಿಂದ ಸವರಿದ ಜಾಗ ಮಾತ್ರ ಅಳಿಯುತ್ತದೆ, ಮುಖಕ್ಕೆ ತಾಗುವುದಿಲ್ಲ. ಆದರೂ ಒಂದು ಮಾತು. ಅವರು ಯಾರೆಂದು ಮನೆಯಲ್ಲಿ ಒಮ್ಮೆ ವಿಚಾರಿಸಿ, ಆಮೇಲೆ ಅಳಿಸಿ. ಮದುವೆ ಫೋಟೋದಲ್ಲಿ ಸುಮ್ನೆ ಬಂದು ನಿಂತವರು ಕಡಿಮೆ.

ಗೋಡೆಗೆ 12x18 ಇಂಚಿನ ಫ್ರೇಮ್ ಹಾಕಿಸುವ ಆಸೆ ನಿಮಗಿದೆ. ಅಷ್ಟು ದೊಡ್ಡ ಪ್ರಿಂಟ್ ಹತ್ತಿರದಿಂದಲೂ ಚೆನ್ನಾಗಿ ಕಾಣಬೇಕಾದರೆ ಇಂಚಿಗೆ 300 ಚುಕ್ಕಿಯಂತೆ 3600x5400 ಪಿಕ್ಸೆಲ್ ಬೇಕು. ಅಸಿಸ್ಟೆಂಟ್ ಕೊಡುವ ಚಿತ್ರ ಎಷ್ಟೋ ಸಲ 1024x1024 ಇರುತ್ತದೆ. ಅದೇ ಲೆಕ್ಕದಲ್ಲಿ ಅದು ಮೂರೂವರೆ ಇಂಚಿಗೂ ಸಾಲದು. ಫೋನಿನಲ್ಲಿ ಮಿನುಗುವುದನ್ನು ನೋಡಿ ಪ್ರಿಂಟಿಗೆ ಕೊಡಬೇಡಿ.

ತಂಗಿಯ ಮಗಳ ಬ್ಯಾಂಕ್ ಪರೀಕ್ಷೆಯ ಫೋಟೋ ಇನ್ನೊಂದು ಪ್ರಶ್ನೆ. ಐಬಿಪಿಎಸ್ ಅರ್ಜಿಗೆ 200x230 ಪಿಕ್ಸೆಲ್, 20ರಿಂದ 50 ಕೆಬಿ ಒಳಗಿನ ಫೋಟೋ ಕೇಳುತ್ತಾರೆ. ಇದಕ್ಕೆ ಚಿತ್ರ ಬರೆಯುವ ಅಸಿಸ್ಟೆಂಟ್ ಬಳಸಲೇಬಾರದು. ಹೇಳಿದ ಅಳತೆ ಸರಿಯಾಗಿ ಬರುವ ಭರವಸೆ ಇಲ್ಲ. ಮುಖ ಚೂರು ಬದಲಾದರೂ ಪರೀಕ್ಷೆ ಹಾಲ್‌ನಲ್ಲಿ ತೊಂದರೆ ಅವಳಿಗೇ ಅಲ್ವಾ? ಸೈಜ್ ಮಾತ್ರ ಇಳಿಸುವ ಸಾದಾ ಆ್ಯಪ್ ಸಾಕು. ಆಧಾರ್ ಕಾರ್ಡಿನ ಫೋಟೋ ಬದಲಾಯಿಸುವುದು ಆಧಾರ್ ಕೇಂದ್ರಕ್ಕೆ ಹೋದರೆ ಮಾತ್ರ ಆಗುವ ಕೆಲಸ. ಕಾರ್ಡಿನ ಚಿತ್ರವನ್ನು ಯಾವ ಅಸಿಸ್ಟೆಂಟ್‌ಗೂ ಹಾಕಬೇಡಿ.

ಇನ್ನು ನೀವು ಹೀಗೆ ಮಾಡಿ. ಫೋಟೋವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿ. ಅಂಚು ರಟ್ಟಿಗೆ ಅಂಟಿಕೊಂಡಿದೆ, ಕೀಳಲು ಹೋಗಬೇಡಿ, ರಟ್ಟಿನ ಸಮೇತ ಸ್ಕ್ಯಾನ್ ಆಗುತ್ತದೆ. ಆ ಫೈಲನ್ನು ಹಾಗೇ ಎತ್ತಿಡಿ, ಏನು ಪ್ರಯೋಗ ಮಾಡಿದರೂ ಅದರ ನಕಲಿನ ಮೇಲೆ ಮಾಡಿ. ನನಗೆ ಕಳಿಸುವಾಗ ವಾಟ್ಸಾಪಿನಲ್ಲಿ Document ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಗೋಡೆ, ಸೀರೆ ನೀವು ಅಸಿಸ್ಟೆಂಟ್‌ನಲ್ಲಿ ಪ್ರಯತ್ನಿಸಿ ನೋಡಿ, ಖುಷಿಯಾಗುತ್ತದೆ. ಕೆನ್ನೆ ಮೇಲಿನ ಮಡಿಕೆಯನ್ನು ನಾನು ಕೈಯಲ್ಲೇ, ಪಕ್ಕದ ಚರ್ಮದಿಂದ ಚೂರು ಚೂರೇ ತೆಗೆದುಕೊಂಡು ತುಂಬಿಸುತ್ತೇನೆ. ಅಪ್ಪನ ಅದೇ ವಯಸ್ಸಿನ ಇನ್ನೊಂದು ಫೋಟೋ ಇದ್ದರೆ ಅದನ್ನೂ ಕಳಿಸಿ. ಕಿವಿಯ ಆಕಾರ ಅದರಲ್ಲಿ ನೋಡಿಕೊಳ್ಳಬಹುದು.